ವಾಟ್ಸಾಪ್ ಜಾಹೀರಾತು ಗೆದ್ದಿತೋ ಇಲ್ಲವೋ ತಿಳಿಯಲು ಚಾಟ್ ಎಣಿಸಬೇಕೋ, ಆರ್ಡರ್ ಎಣಿಸಬೇಕೋ?

ಪರ: ಅಡ್ವಾನ್ಸ್ ಬಂದ ಮೇಲೆಯೇ ಲೆಕ್ಕ

ಬಳ್ಳಾರಿಯಲ್ಲಿ ನಮ್ಮ ಮಾವನದು ಜೀನ್ಸ್ ಹೋಲ್‌ಸೇಲ್ ಅಂಗಡಿ. ಫೇಸ್‌ಬುಕ್‌ನಲ್ಲಿ ಜಾಹೀರಾತು ಒತ್ತಿದರೆ ನೇರ ನಮ್ಮ ವಾಟ್ಸಾಪ್ ತೆರೆದುಕೊಳ್ಳುತ್ತದೆ. ಅದನ್ನು ನೋಡಿಕೊಳ್ಳುವುದು ನಾನು. ಶುರುವಿನಲ್ಲಿ ದಿನಾ ಸಂಜೆ ಹೇಳುತ್ತಿದ್ದೆ, ‘ಮಾವ, ಇವತ್ತು ಇಪ್ಪತ್ತು ಚಾಟ್ ಬಂದಾವ್ರಿ.’ ಒಂದು ದಿನ ಅವರು ತಲೆ ಎತ್ತದೇ ಕೇಳಿದರು: ‘ಪಾರ್ಸೆಲ್ ಎಷ್ಟ್ ಹೋದ್ವಪ್ಪಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಎರಡು ಜಾಹೀರಾತು ಬಿಟ್ಟೆವು, ಒಂದೊಂದಕ್ಕೆ ₹3,000. ಮೊದಲನೆಯದರಲ್ಲಿ ಪ್ಯಾಂಟಿನ ಫೋಟೋ, ಬೆಲೆ, ಅಷ್ಟೇ. 150 ಚಾಟ್ ಬಂದವು, ಚಾಟಿಗೆ ₹20. ಎರಡನೆಯದರಲ್ಲಿ ‘ಅಂಗಡಿಯವರಿಗೆ ಮಾತ್ರ, ಸೆಟ್ ಲೆಕ್ಕ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದೆವು. ಬಂದದ್ದು 50 ಚಾಟ್, ಚಾಟಿಗೆ ₹60. ಫೇಸ್‌ಬುಕ್ ಜಾಹೀರಾತಿನ ಲೆಕ್ಕ ತೋರಿಸುವ Ads Manager ನೋಡಿದರೆ ಮೊದಲನೆಯದೇ ಗೆದ್ದಂತೆ ಕಾಣುತ್ತದೆ, ಅಲ್ವಾ?

ನಮ್ಮ ನೋಟ್‌ಬುಕ್ ಬೇರೆಯೇ ಹೇಳಿತು. ಮೊದಲನೆಯದರ 150ರಲ್ಲಿ ನಮ್ಮ ಉತ್ತರಕ್ಕೆ ತಿರುಗಿ ಉತ್ತರಿಸಿದವರು 60. ಸೈಜ್, ಊರು ಹೇಳಿದವರು 12. ಅಡ್ವಾನ್ಸ್ ಹಾಕಿದವರು 4. ಆರ್ಡರಿಗೆ ₹750 ಬಿತ್ತು. ಉಳಿದವರಿಗೆ ಬೇಕಿದ್ದದ್ದು ಒಂದೇ ಪ್ಯಾಂಟು. ಎರಡನೆಯದರ 50ರಲ್ಲಿ ಅಡ್ವಾನ್ಸ್ ಹಾಕಿದವರು 10, ಆರ್ಡರಿಗೆ ₹300.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಜಾಹೀರಾತು ಮಾಡುವಾಗ ಗಿರಾಕಿಯ ಮೊದಲ ಮೆಸೇಜನ್ನು ನಾವೇ ತುಂಬಿ ಇಡಬಹುದು. ಒಂದಕ್ಕೆ ‘ಜೀನ್ಸ್ ರೇಟ್ ಹೇಳಿ’, ಇನ್ನೊಂದಕ್ಕೆ ‘ಸೆಟ್ ರೇಟ್ ಹೇಳಿ’ ಅಂತ ಇಟ್ಟರೆ ಯಾರು ಎಲ್ಲಿಂದ ಬಂದರು ಅನ್ನುವುದು ಗೊತ್ತಾಗುತ್ತದೆ. ಕೆಲವರು ಅದನ್ನು ಅಳಿಸಿ ‘ಹಾಯ್’ ಅಂತ ಕಳಿಸುತ್ತಾರೆ, ಅವರನ್ನು ನಾವೇ ಕೇಳಬೇಕು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಚಾಟಿಗೆ ಹಚ್ಚುವ ಲೇಬಲ್ ಇದೆ, ದುಡ್ಡು ಬಂದ ಕೂಡಲೇ ಬದಲಿಸಿ.

ಎರಡು ಕಡೆ ಎಡವಿದ್ದೇವೆ. ಒಂದು, Ads Manager ತೋರಿಸುವ `Messaging conversations started` ಅನ್ನುವ ಅಂಕಿ ಹೊಸ ಜನರ ಲೆಕ್ಕ ಅಲ್ಲ. ಏಳು ದಿನ ಸುಮ್ಮನಿದ್ದ ಹಳೇ ಗಿರಾಕಿ ಜಾಹೀರಾತು ಒತ್ತಿ ಮಾತಾಡಿಸಿದರೂ ಅದು ಒಂದು ಏರುತ್ತದೆ. ಸಿಂಧನೂರಿನ ಒಬ್ಬರು ಹೀಗೆ ಮೂರು ಸಲ ‘ಹೊಸಬರು’ ಆದರು. ಎರಡು, ಆರ್ಡರನ್ನು ದುಡ್ಡು ಬಂದ ದಿನಕ್ಕೆ ಬರೆಯಬಾರದು, ಮೊದಲ ಚಾಟ್ ಬಂದ ದಿನಕ್ಕೆ ಬರೆಯಬೇಕು. ಹೋಲ್‌ಸೇಲ್ ಗಿರಾಕಿ ಹತ್ತು ದಿನ ಬಿಟ್ಟು ದುಡ್ಡು ಹಾಕುತ್ತಾನೆ. ಅಷ್ಟರಲ್ಲಿ ಬೇರೆ ಜಾಹೀರಾತು ಓಡುತ್ತಿರುತ್ತದೆ, ಹೆಸರು ಅದಕ್ಕೆ ಹೋಗುತ್ತದೆ.

ಆ್ಯಪ್ ಬದಲು API ಮೂಲಕ ತಮ್ಮ ಸಾಫ್ಟ್‌ವೇರನ್ನು ವಾಟ್ಸಾಪಿಗೆ ಜೋಡಿಸಿಕೊಂಡವರಿಗೆ ಇನ್ನೂ ಒಂದು ಲಾಭ. ಜಾಹೀರಾತಿನಿಂದ ಬಂದ ಮೊದಲ ಮೆಸೇಜಿನ ಜೊತೆ `ctwa_clid` ಅನ್ನುವ ಗುರುತು ಬರುತ್ತದೆ. ಆರ್ಡರ್ ಆದ ಮೇಲೆ ಆ ಗುರುತಿನೊಂದಿಗೆ `Purchase` ಅಂತ ಫೇಸ್‌ಬುಕ್ ನಡೆಸುವ ಮೆಟಾಗೆ ವಾಪಸ್ ಕಳಿಸಿದರೆ, ಕೊಂಡದ್ದು ಯಾರು ಅನ್ನುವುದು ಅದಕ್ಕೂ ತಿಳಿಯುತ್ತದೆ. ಇಲ್ಲದಿದ್ದರೆ ಅದು ಚಾಟ್ ಮಾಡುವವರನ್ನೇ ಹುಡುಕಿ ತರುತ್ತದೆ. ನಾವು ಕೇಳಿದ್ದು ಅದನ್ನೇ ತಾನೇ!

ವಿರೋಧ: ನೋಟ್‌ಬುಕ್ಕಿಗೆ ಅತ್ತಿಗೆ ಕಾಣುವುದಿಲ್ಲ

ನನಗೆ ಈ ಕಡೆ ಬರೆಯಲು ಹೇಳಿದ್ದಾರೆ, ಬರೆಯುತ್ತೇನೆ. ಆರ್ಡರ್ ಎಣಿಸುವುದು ತಪ್ಪು ಅಂತ ನಾನೂ ಪೂರ್ತಿ ಒಪ್ಪಿಲ್ಲ. ಆದರೆ ಗಿರಾಕಿ ನಮಸ್ಕಾರ ಅನ್ನುವಷ್ಟರಲ್ಲೇ ಅವನ ಹಣೆಗೆ ಲೇಬಲ್ ಅಂಟಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಕೊಪ್ಪಳದಲ್ಲಿ ನಾನು ಕಿನ್ನಾಳ ಗೊಂಬೆ ಮಾರುತ್ತೇನೆ. ಕಳೆದ ದಸರೆಗೆ ಮುಂಚೆ ಕಾಮಧೇನು ಗೊಂಬೆಯ ಜಾಹೀರಾತು ಬಿಟ್ಟಿದ್ದೆ. ಹತ್ತು ದಿನದಲ್ಲಿ 40 ಚಾಟ್, ನೋಟ್‌ಬುಕ್ಕಿನಲ್ಲಿ ಆರ್ಡರ್ 1. ದಂಡ ಅಂತ ನಿಲ್ಲಿಸಿಬಿಟ್ಟೆ. ಮರುವಾರ ಒಬ್ಬ ಹೆಂಗಸು ಫೋನ್ ಮಾಡಿದರು: ‘ಅಣ್ಣಾರ, ನಮ್ಮ ನಾದಿನಿಗೆ ಕಳಿಸಿದ್ರಲ್ಲಾ ಫೋಟೋ, ಆ ಆಕಳು ಐತೇನ್ರಿ?’ ನಾದಿನಿ ಯಾರು ಅಂತ ಹುಡುಕಿದೆ. ರೇಟ್ ಕೇಳಿ ಮಾಯವಾಗಿದ್ದ ಚಾಟ್ ಅದು! ಅವರಿಗೆ ಎರಡು ಗೊಂಬೆ ಹೋದವು. ಅವರ ಪಕ್ಕದ ಮನೆಗೆ ಒಂದು. ಇಬ್ಬರದೂ ಫೋನ್, ಯಾರೂ ಜಾಹೀರಾತು ಒತ್ತಿಲ್ಲ, ಯಾರ ಜೊತೆಗೂ ಆ ಇಂಗ್ಲಿಷ್ ಗುರುತು ಬಂದಿಲ್ಲ. ಗೊಂಬೆಯನ್ನು ಒಬ್ಬರೇ ನೋಡಿ ಕೊಳ್ಳುವುದಿಲ್ಲ, ಮನೆಮಂದಿಯೆಲ್ಲಾ ನೋಡಬೇಕು. ಮೂಗು ಸರಿ ಇಲ್ಲ ಅಂತ ಅಜ್ಜಿ ಬೇರೆ ವಾಪಸ್ ಕಳಿಸುತ್ತಾರೆ, ಆ ಕತೆ ಬೇರೆ.

ಇನ್ನೊಂದು ಮಾತು. ನಾಲ್ಕು ಆರ್ಡರ್, ಹತ್ತು ಆರ್ಡರ್ ಅಂತ ಅವರು ಹೋಲಿಸಿದರು. ನನ್ನಂಥವನಿಗೆ ಬರುವುದು ಒಂದು, ಮೂರು. ಒಬ್ಬ ಗಿರಾಕಿಗೆ ಜ್ವರ ಬಂದರೂ ನನ್ನ ಲೆಕ್ಕ ತಲೆಕೆಳಗು. ಅಷ್ಟರಿಂದ ಯಾವ ಜಾಹೀರಾತು ಒಳ್ಳೆಯದು ಅಂತ ಹೇಳಲು ಬರುತ್ತದಾ? ಉತ್ತರಿಸಿದವರು ಎಷ್ಟು ಅನ್ನುವುದಾದರೂ ಹತ್ತಾರು ಇರುತ್ತದೆ, ಅದನ್ನು ನೋಡಿದರೆ ಸಾಕು.

ಮೆಟಾಗೆ ಆರ್ಡರ್ ವಾಪಸ್ ಕಳಿಸುವುದರ ಬಗ್ಗೆ ನಾನೇನೂ ಹೇಳುವುದಿಲ್ಲ. ಜೀನ್ಸಿನವರು ಕಳಿಸಲಿ. ನಾನು ಈಗ ಫೋನ್ ಮಾಡಿದವರನ್ನೆಲ್ಲಾ ‘ನಮ್ಮ ಗೊಂಬೆ ಎಲ್ಲಿ ನೋಡಿದ್ರಿ?’ ಅಂತ ಕೇಳಿ, ಹಳೇ ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಿದ್ದೇನೆ. ಇದೂ ಆರ್ಡರ್ ಎಣಿಸಿದಂತೆಯೇ ಅಲ್ವಾ ಅಂತ ನನ್ನ ಹೆಂಡತಿ ನಗುತ್ತಾಳೆ.