ಹುಕ್ ಬಾಲ್ ಎಡಕ್ಕೆ ಓಡಿದರೆ

"ಟೆನ್‌ಪಿನ್ ಬೌಲಿಂಗ್‌ನ ಮೊದಲ ಗೇಮ್‌ನಲ್ಲಿ ಸರಿಯಾಗಿ ತಿರುಗಿದ ಚೆಂಡು ಮೂರನೇ ಗೇಮ್‌ನಲ್ಲಿ ಎಲ್ಲಕ್ಕಿಂತ ಮುಂದಿರುವ ಹೆಡ್‌ಪಿನ್ನಿನ ಎಡಕ್ಕೆ ಯಾಕೆ ಹೋಗುತ್ತೆ?"

ಬಲಗೈಯವರಾದರೆ, ಚೆಂಡು ಲೇನ್ ಮೇಲಿನ ಬಾಣದ ಗುರುತುಗಳ ಹತ್ತಿರ ಎಲ್ಲಿ ಹಾದುಹೋಗುತ್ತೆ ಅಂತ ಮೊದಲು ನೋಡಿ. ನೀವು ಗುರಿ ಇಟ್ಟ ಬಾಣದ ಮೇಲೇ ಹೋಗಿ, ಆಮೇಲೆ ಬೇಗ ತಿರುಗಿದರೆ ಕಾರಣ ಲೇನಿಗೆ ಬಳಿದ ಎಣ್ಣೆ. ಪ್ರತಿ ಎಸೆತದಲ್ಲೂ ಚೆಂಡು ಅದೇ ದಾರಿಯ ಎಣ್ಣೆಯನ್ನು ಒರೆಸಿಕೊಂಡು ಹೋಗುತ್ತೆ, ಅಲ್ವಾ? ಒಣಗಿದ ಕಡೆ ಹಿಡಿತ ಜಾಸ್ತಿ. ಆಗ ಕಾಲನ್ನು ನೆಲದ ಎರಡು ಹಲಗೆಯಷ್ಟು ಎಡಕ್ಕೆ ಇಡಿ, ಗುರಿಯನ್ನು ಒಂದು ಹಲಗೆ ಎಡಕ್ಕೆ ಸರಿಸಿ.

ಬಾಣದ ಹತ್ತಿರವೇ ಎಡಕ್ಕೆ ಬಂದಿದ್ದರೆ ಎಣ್ಣೆಯನ್ನು ದೂರಬೇಡಿ, ಹೆಬ್ಬೆರಳು ಸಿಕ್ಕಿಕೊಳ್ಳುತ್ತಿರಬಹುದು. ಹೆಬ್ಬೆರಳು ಮೊದಲು ಬಿಡಬೇಕು, ಉಳಿದೆರಡು ಬೆರಳು ಕೊನೆಗೆ. ಆ ಗಳಿಗೆಯಲ್ಲೇ ತಿರುಗು ಹುಟ್ಟೋದು. ಚೆಂಡು ಭಾರವಾದರೆ ಕೈ ದಣಿದು ಹೆಬ್ಬೆರಳು ಬಿಗಿ ಹಿಡಿಯುತ್ತೆ. ಒಂದು ಪೌಂಡ್ ಕಡಿಮೆ ಮಾಡಿ ನೋಡಿ. ಹಗುರ ಚೆಂಡು ಪಿನ್‌ಗೆ ಬಡಿದಾಗ ಸ್ವಲ್ಪ ಜಾಸ್ತಿ ಪಕ್ಕಕ್ಕೆ ಸರಿಯುತ್ತೆ, ಆದರೂ ಬಿಗಿಹಿಡಿತಕ್ಕಿಂತ ಅದೇ ವಾಸಿ.