ನನಗೆ ನಾನೇ ಬರೆದ ನೀಲಿ ಕಾಗದ

ಇನ್‌ಲ್ಯಾಂಡ್ ಲೆಟರ್ ಈಗಲೂ ಸಿಗುತ್ತದೆ. ಬೆಲೆ ಎರಡೂವರೆ ರೂಪಾಯಿ. ಅಂಚೆ ಕಚೇರಿಯ ಕಿಟಕಿಯಲ್ಲಿ ಒಂದು ಕೊಡಿ ಎಂದಾಗ, ಒಳಗಿದ್ದ ಹೆಣ್ಣುಮಗಳು ನನ್ನನ್ನು ಒಮ್ಮೆ ನೋಡಿ, ಮೇಜಿನ ತಳದ ಖಾನೆಯಿಂದ ನೀಲಿ ಕಟ್ಟೊಂದನ್ನು ಹೊರತೆಗೆದರು. ನಾನು ಐದು ರೂಪಾಯಿಯ ನಾಣ್ಯ ಕೊಟ್ಟೆ. ಚಿಲ್ಲರೆ ಇರಲಿಲ್ಲ. ಹಾಗಾಗಿ ಒಂದರ ಬದಲು ಎರಡು ಕಾಗದ ನನ್ನ ಕೈಗೆ ಬಂದವು. ಎರಡನೆಯದು ದಂಡ ಎಂದುಕೊಂಡು ಹೊರಬಂದೆ.

ಆಗ ನಾನು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಮೂರು ದಿನವಾಗಿತ್ತು. ಜುಲೈ ತಿಂಗಳು, ಒಗೆದ ಅಂಗಿ ಮೂರು ದಿನವಾದರೂ ಒಣಗದೆ ಹಗ್ಗದ ಮೇಲೆ ಮುಗ್ಗಲು ವಾಸನೆ ಬೀರುವ ಕಾಲ. ಮುಂದಿನ ಮೇ ತಿಂಗಳಲ್ಲಿ ಕೇಂದ್ರ ನಾಗರಿಕ ಸೇವೆಯ ಪೂರ್ವಭಾವಿ ಪರೀಕ್ಷೆ. ಕೈಯಲ್ಲಿ ಹತ್ತು ತಿಂಗಳು. ತಯಾರಿ ಶುರು ಮಾಡುವ ಮುನ್ನ ನನಗೆ ನಾನೇ ಒಂದು ಪತ್ರ ಬರೆದುಕೊಳ್ಳಬೇಕು, ಅದರಲ್ಲಿ ಗುರಿ ಇರಬೇಕು, ಕಷ್ಟದ ದಿನಗಳಿಗೆ ನಿಯಮಗಳಿರಬೇಕು ಎಂದು ಹೇಗೋ ತಲೆಗೆ ಹೊಕ್ಕಿತ್ತು. ನೋಟ್‌ಬುಕ್ಕಿನಲ್ಲಿ ಬರೆದರೆ ಅದು ಪತ್ರ ಎನಿಸುವುದಿಲ್ಲ. ಅಂಚೆಯಲ್ಲಿ ಬಂದರೆ ಒಂದು ತೂಕ.

ಬರೆಯಲು ಕುಳಿತರೆ ಮೊದಲ ಸಾಲೇ ತಕರಾರು ತೆಗೆಯಿತು. ಶಾಲೆಯಲ್ಲಿ ಕಲಿಸಿದ ಒಕ್ಕಣೆಯ ಪ್ರಕಾರ ಹಿರಿಯರಿಗೆ ತೀರ್ಥರೂಪ, ಕಿರಿಯರಿಗೆ ಚಿರಂಜೀವಿ. ಈ ಪತ್ರವನ್ನು ಕಷ್ಟದ ದಿನದಲ್ಲಿ ಓದುವವನು ಬರೆಯುವವನಿಗಿಂತ ಕೆಲವು ತಿಂಗಳಾದರೂ ದೊಡ್ಡವನು. ಆದರೆ ಬುದ್ಧಿ ಹೇಳುತ್ತಿರುವವನು ಚಿಕ್ಕವನು. ಕೊನೆಗೆ ಸಂಬಂಧದ ಗೊಡವೆಯೇ ಬೇಡವೆಂದು ಬರಿಯ ‘ಪ್ರಿಯ’ನೆಂದು ಸಂಬೋಧಿಸಿ, ‘ನಾನು ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರು’ ಎಂದು ಆರಂಭಿಸಿದೆ.

ಆಮೇಲೆ ಪೆನ್ನು ನಿಲ್ಲಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ದಿನಕ್ಕೆ ಹದಿನಾಲ್ಕು ಗಂಟೆ ಓದಬೇಕು. ಅಕ್ಟೋಬರ್ ಒಳಗೆ ಇಡೀ ಪಠ್ಯಕ್ರಮ ಒಂದು ಸುತ್ತು ಮುಗಿಯಬೇಕು. ಮೊಬೈಲನ್ನು ರಾತ್ರಿ ಮಾತ್ರ ಮುಟ್ಟಬೇಕು. ಕಷ್ಟದ ದಿನ ಬಂದಾಗ ಧೈರ್ಯಗೆಡದೆ ಇರಬೇಕು. ಮೂರು ಮಡಿಕೆಯ ಆ ಪುಟ್ಟ ಕಾಗದದಲ್ಲಿ ಹದಿನೇಳು ‘ಬೇಕು’ಗಳು ಹಿಡಿದವು. ಕಳುಹಿಸುವವರ ವಿಳಾಸವಿರುವಲ್ಲಿಯೂ ತಲುಪುವವರ ವಿಳಾಸವಿರುವಲ್ಲಿಯೂ ಒಂದನ್ನೇ ಬರೆದು, ಅಂಟಿಸಿ, ಡಬ್ಬಿಗೆ ಹಾಕಿದೆ.

ಮೂರನೆಯ ದಿನ ಹನ್ನೊಂದೂವರೆಗೆ ಅಂಚೆಯಣ್ಣ ಬಾಗಿಲು ತಟ್ಟಿದರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, “ಎರಡೂ ಕಡೆ ನೀವೇ ಇದ್ದೀರಲ್ಲ ಸರ್” ಎಂದರು. ನಾನು ಕಣ್ಣುಜ್ಜಿಕೊಳ್ಳುತ್ತ ಹೌದೆಂದೆ. ಆಗಷ್ಟೇ ಹಾಸಿಗೆ ಬಿಟ್ಟೆದ್ದಿದ್ದೆ. ನಾಲ್ಕೂವರೆಯ ನಿಯಮ ಪತ್ರಕ್ಕಿಂತ ಮೊದಲೇ ವಿಲೇವಾರಿಯಾಗಿತ್ತು.

ಇದು ನನ್ನೊಬ್ಬನ ಮೈಗಳ್ಳತನವೇ ಎಂದು ಬಹಳ ದಿನ ನಾಚಿಕೊಂಡಿದ್ದೆ. ಕೆನಡಾದ ಮನಃಶಾಸ್ತ್ರಜ್ಞರಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಬಗ್ಗೆ ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಪ್ರಬಂಧ ಬರೆಯುತ್ತಿದ್ದ ಪದವಿ ವಿದ್ಯಾರ್ಥಿಗಳನ್ನು ಅವರು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂಬುದಕ್ಕೆ 49 ಎಂದರು. ನಿಜದಲ್ಲಿ ತೆಗೆದುಕೊಂಡದ್ದು ಸುಮಾರು 56. ಅಂದರೆ ಕೆಟ್ಟದ್ದನ್ನು ಊಹಿಸು ಎಂದಾಗಲೂ ಮನುಷ್ಯನಿಗೆ ಸಾಕಷ್ಟು ಕೆಟ್ಟದ್ದನ್ನು ಊಹಿಸಲಾಗುವುದಿಲ್ಲ. ನನ್ನ ಪತ್ರದಲ್ಲಿಯೂ ಅದೇ ಆಗಿತ್ತು. ಹೊಟ್ಟೆ ತುಂಬ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡು, ಹೊಸ ಪೆನ್ನು ಹಿಡಿದು ಕುಳಿತವನಿಗೆ ಕಷ್ಟದ ದಿನವೆಂದರೆ ಸ್ವಲ್ಪ ತಲೆನೋವು, ಸ್ವಲ್ಪ ಊರಿನ ನೆನಪು. ಅವನು ಧೈರ್ಯಗೆಡಬೇಡ ಎಂದು ಬರೆದದ್ದು ಧೈರ್ಯ ಕೆಡುವುದು ಹೇಗಿರುತ್ತದೆ ಎಂದು ತಿಳಿಯದೆ.

ನಿಜವಾದ ಕಷ್ಟದ ದಿನ ಅಕ್ಟೋಬರಿನ ಒಂದು ಭಾನುವಾರ ಬಂತು. ಮೊದಲ ಪೂರ್ಣ ಪ್ರಮಾಣದ ಮಾಕ್ ಟೆಸ್ಟ್. ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ, ಎರಡು ಗಂಟೆ. ಸರಿಯಾದರೆ 2 ಅಂಕ. ತಪ್ಪಾದರೆ ಅದರ ಮೂರನೆಯ ಒಂದು ಭಾಗ ಕಡಿತ. ಬಿಟ್ಟರೆ ಏನೂ ಇಲ್ಲ. ನಾನು 84ಕ್ಕೆ ಉತ್ತರಿಸಿದ್ದೆ. 44 ಸರಿ, 40 ತಪ್ಪು. ಬಂದದ್ದು 88, ಹೋದದ್ದು 26.67, ಉಳಿದದ್ದು 61.33. 2023ರ ಪೂರ್ವಭಾವಿಯಲ್ಲಿ ಸಾಮಾನ್ಯ ವರ್ಗದ ಕಟ್-ಆಫ್ 75.41 ಇತ್ತು. ಕೋಣೆಗೆ ಬಂದು ನೀಲಿ ಪತ್ರ ತೆಗೆದು ಓದಿದೆ. ಹದಿನೇಳು ‘ಬೇಕು’ಗಳೂ ಕಟಕಟೆಯಲ್ಲಿ ಸಾಕ್ಷಿ ಹೇಳುವವರಂತೆ ಒಂದೊಂದಾಗಿ ಎದ್ದು ನಿಂತವು. ಕಷ್ಟದ ದಿನಕ್ಕೆಂದು ಬರೆದ ಪತ್ರ ಆ ದಿನವನ್ನು ಇನ್ನಷ್ಟು ಕಷ್ಟ ಮಾಡಿತು.

ಹೊಸ ಪಾಠ ಓದುವ ಶಕ್ತಿ ಇರಲಿಲ್ಲ. ಮಲಗಲು ನಿದ್ದೆಯೂ ಬರಲಿಲ್ಲ. ಬೇರೆ ಕೆಲಸವಿಲ್ಲದೆ ಆ 40 ತಪ್ಪುಗಳನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದರ ಪಕ್ಕದಲ್ಲಿ ಏಕೆ ತಪ್ಪಾಯಿತು ಎಂದು ಒಂದೊಂದು ಗುರುತು ಹಾಕುತ್ತ ಹೋದೆ. ಅಕ್ಕಿ ಆರಿಸುವಂಥ ಕೆಲಸ. ಇದಕ್ಕೆ ಬುದ್ಧಿಯೂ ಬೇಡ, ಧೈರ್ಯವೂ ಬೇಡ, ಕೂರುವ ಜಾಗವಿದ್ದರೆ ಸಾಕು.

ತಪ್ಪುಗಳು ಮೂರು ಗುಡ್ಡೆಯಾದವು. 16 ಕಣ್ಣುಮುಚ್ಚಿ ಹೊಡೆದವು. ಹಾಗೆ ಹೊಡೆದದ್ದು ಒಟ್ಟು 20, ಅದರಲ್ಲಿ 4 ಮಾತ್ರ ತಗಲಿದ್ದವು. ನನ್ನ ಸೋಲಿಗೆ ಇದೇ ಕಾರಣ ಎಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಅಲ್ಲಿ ಕಳೆದುಕೊಂಡದ್ದು ಎರಡೂ ಮುಕ್ಕಾಲು ಅಂಕವೂ ಇಲ್ಲ. ನಾಲ್ಕು ಆಯ್ಕೆಗಳಿರುವ ಪ್ರಶ್ನೆಯಲ್ಲಿ ಪೂರ್ತಿ ಕುರುಡು ಊಹೆ ಸರಾಸರಿಯಲ್ಲಿ ಸೊನ್ನೆಗೇ ಬಂದು ನಿಲ್ಲುತ್ತದೆ: ಇಪ್ಪತ್ತರಲ್ಲಿ ಐದು ತಗಲಿದರೆ ಹತ್ತು ಅಂಕ ಬಂದು, ಹದಿನೈದು ತಪ್ಪಿ ಹತ್ತು ಅಂಕ ಹೋಗುತ್ತದೆ.

ಎರಡನೆಯ ಗುಡ್ಡೆಯಲ್ಲಿ 17. ಇವು ಗೊತ್ತಿದೆ ಎಂದುಕೊಂಡು ತಪ್ಪಿದವು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದದ್ದು 1978ರ 44ನೇ ತಿದ್ದುಪಡಿ. ನಾನು 42 ಎಂದು ಗುರುತಿಸಿದ್ದೆ. 1976ರ 42ನೇ ತಿದ್ದುಪಡಿ ಮೂಲಭೂತ ಕರ್ತವ್ಯಗಳನ್ನು ಸೇರಿಸಿದ್ದು. ಅದನ್ನು ಓದಿದ್ದೆ, ಇದನ್ನೂ ಓದಿದ್ದೆ, ಎರಡೂ ಒಂದೇ ಗೂಟಕ್ಕೆ ಕಟ್ಟಿದ ದನಗಳಂತೆ ಹಗ್ಗ ಸುತ್ತಿಕೊಂಡಿದ್ದವು. ಕುರುಡು ಊಹೆಗಿಂತ ಇದು ಅಪಾಯ, ಏಕೆಂದರೆ ಇಲ್ಲಿ ಕೈ ಅನುಮಾನಿಸುವುದಿಲ್ಲ.

ಮೂರನೆಯ ಗುಡ್ಡೆಯಲ್ಲಿ ಏಳೇ ಏಳು. ಉತ್ತರ ಗೊತ್ತಿತ್ತು, ಪ್ರಶ್ನೆಯನ್ನು ತಪ್ಪಾಗಿ ಓದಿದ್ದೆ. ಏಳರಲ್ಲಿ ಐದು ಪ್ರಶ್ನೆಗಳು ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬ ಮಾದರಿಯವು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಪೂರ್ವಭಾವಿಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿ ಯೋಚಿಸುವ ನನ್ನಂಥವನು ‘ಅಲ್ಲ’ ಎಂಬುದನ್ನು ಮಾತಿನ ಕೊನೆಯಲ್ಲಿ ಕಾಯುತ್ತಾನೆ. ನಮ್ಮ ಅಲ್ಲಗಳೆಯುವಿಕೆ ಬಾಲದಲ್ಲಿದೆ. ಇಂಗ್ಲಿಷಿನ ‘ನಾಟ್’ ನಡುವೆ ಎಲ್ಲೋ, ಬಸ್ಸಿನಲ್ಲಿ ಕಿಟಕಿ ಪಕ್ಕ ಮುದುಡಿ ಕುಳಿತ ಪ್ರಯಾಣಿಕನಂತೆ ಇರುತ್ತದೆ. ಕಣ್ಣು ಅದನ್ನು ದಾಟಿ ಹೋಗಿ, ಕೊನೆಯಲ್ಲಿ ಏನೂ ಕಾಣದೆ, ಸರಿ ಇರುವ ಹೇಳಿಕೆಯನ್ನೇ ಆರಿಸಿ ತೃಪ್ತಿಪಡುತ್ತದೆ. ಇದು ನನ್ನ ಸಿದ್ಧಾಂತ, ಯಾರೂ ಒಪ್ಪಬೇಕಾಗಿಲ್ಲ. ಲೆಕ್ಕವನ್ನಂತೂ ಒಪ್ಪಬೇಕು: ಒಂದೊಂದು ತಪ್ಪು ಓದಿಗೆ ಬರಬೇಕಿದ್ದ ಎರಡು ಅಂಕವೂ ಹೋಗಿ, ಕಡಿತವೂ ಸೇರಿ, 2.67ರ ಪೆಟ್ಟು. ಏಳಕ್ಕೆ 18.67. ಆ ಏಳನ್ನು ಸರಿಯಾಗಿ ಓದಿದ್ದರೆ ನನ್ನ ಅಂಕ ಸರಿಯಾಗಿ 80. ಕಟ್-ಆಫ್ 2024ರಲ್ಲಿ 87.98ಕ್ಕೆ ಏರಿತ್ತು ಎಂಬುದನ್ನು ಅಂದು ರಾತ್ರಿ ನಾನು ಬೇಕೆಂದೇ ನೆನಪಿಸಿಕೊಳ್ಳಲಿಲ್ಲ.

ಗುಡ್ಡೆ ಮಾಡಿ ಮುಗಿಸುವಾಗ ಒಂಬತ್ತು ಗಂಟೆ. ಖಾನಾವಳಿಯ ಬಾಗಿಲು ಹಾಕುವ ಮುನ್ನ ಓಡಿಹೋಗಿ ಉಂಡು ಬಂದೆ. ಆಗ ನೆನಪಾದದ್ದು ದಂಡವೆಂದುಕೊಂಡಿದ್ದ ಎರಡನೆಯ ಇನ್‌ಲ್ಯಾಂಡ್.

ಈ ಬಾರಿ ‘ಬೇಕು’ ಎಂಬ ಪದವನ್ನು ಬಳಸಬಾರದು ಎಂದು ನಿರ್ಧರಿಸಿದೆ. ಅದರ ಬದಲು ಪ್ರತಿ ಸಾಲಿಗೂ ಒಂದು ‘ರೆ’. ಹೀಗಾದರೆ, ಹಾಗೆ. ಪೀಟರ್ ಗೋಲ್ವಿಟ್ಜರ್ ಎಂಬ ಮನಃಶಾಸ್ತ್ರಜ್ಞ 1999ರ ಲೇಖನವೊಂದರಲ್ಲಿ ಹೇಳಿರುವುದೂ ಬಹುಮಟ್ಟಿಗೆ ಇದೇ: ಬರಿಯ ಗುರಿ ಇಟ್ಟುಕೊಂಡವರಿಗಿಂತ, ಇಂಥ ಸಂದರ್ಭ ಎದುರಾದರೆ ಇಂಥದ್ದು ಮಾಡುತ್ತೇನೆ ಎಂದು ಮುಂಚಿತವಾಗಿ ಗಂಟು ಹಾಕಿಕೊಂಡವರು ಕೆಲಸ ಮುಗಿಸುವ ಸಂಭವ ಹೆಚ್ಚು. ಆ ಹೊತ್ತಿನಲ್ಲಿ ಕುಳಿತು ಯೋಚಿಸಿ ನಿರ್ಧರಿಸುವ ಕೆಲಸ ತಪ್ಪುತ್ತದೆ. ಕಷ್ಟದ ದಿನ ನಮ್ಮಿಂದ ಆಗದೇ ಇರುವುದು ಅದೊಂದೇ.

ಮೊದಲ ಸಾಲು ಬರೆದೆ: ‘ಮನಸ್ಸು ಸರಿಯಿಲ್ಲದಿದ್ದರೆ.’ ಬರೆದು ಹೊಡೆದು ಹಾಕಿದೆ. ಮನಸ್ಸು ಸರಿಯಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವನು ಮತ್ತೆ ಅದೇ ಮನಸ್ಸು, ಅದಕ್ಕೆ ಓದಿನ ಮುಂದೆ ಎಂದೂ ಸರಿಯಿರುವುದಿಲ್ಲ. ‘ರೆ’ಗೆ ಮುಂಚೆ ಇರುವುದು ಗಡಿಯಾರವೋ ಅಂಕಪಟ್ಟಿಯೋ ಹೇಳಬಲ್ಲ ಸಂಗತಿಯಾಗಿರಬೇಕು. ಕೊನೆಗೆ ಉಳಿದದ್ದು ಮೂರೇ ಸಾಲು. ಮಾಕ್ ಟೆಸ್ಟಿನಲ್ಲಿ 75ಕ್ಕಿಂತ ಕಡಿಮೆ ಬಂದರೆ ಅಂದು ಹೊಸದೇನೂ ಇಲ್ಲ, ತಪ್ಪುಗಳನ್ನು ಮೂರು ಗುಡ್ಡೆ ಮಾಡುವುದು. ಏಳುವುದು ಎಂಟು ದಾಟಿದರೆ, ಬೆಳಗಿನ ಪಾಠವನ್ನು ಸಂಜೆಗೆ ತಳ್ಳದೆ, ಎಂಟರ ಪಾಠದಿಂದಲೇ ಹಿಡಿಯುವುದು. ಹೋದ ಬೆಳಗು ಹೋಯಿತು. ರಾತ್ರಿ ಊಟದ ನಂತರ ಎಲ್ಲ ಬಿಟ್ಟು ಊರಿಗೆ ಹೋಗೋಣ ಎನಿಸಿದರೆ, ಆ ವಿಷಯವನ್ನು ಬೆಳಿಗ್ಗೆ ಉಪ್ಪಿಟ್ಟು ತಿಂದ ಮೇಲೆ ತೆಗೆಯುವುದು.

ಮೂರನೆಯದನ್ನು ಜನವರಿಯಲ್ಲಿ ಬಳಸಬೇಕಾಯಿತು. ಅವ್ವ ಫೋನಿನಲ್ಲಿ ಎಂದಿನಂತೆ “ಉಂಡೆಯೇನಪ್ಪಾ?” ಎಂದಷ್ಟೇ ಕೇಳಿದ್ದಳು, ಗಂಟಲು ಕಟ್ಟಿತು. ಬೆಳಿಗ್ಗೆ ಉಪ್ಪಿಟ್ಟು ತಿಂದೆ. ಊರಿಗೆ ಹೋಗೋಣ ಎಂಬುದು ಹಾಗೇ ಇತ್ತು. ಹೋದೆ. ಎರಡು ದಿನ ಅವ್ವನ ಕೈಯ ಊಟ ಮಾಡಿ, ಚಟ್ನಿಪುಡಿಯ ಡಬ್ಬಿ ಹೊತ್ತು ಮರಳಿದೆ. ಬೆಳಿಗ್ಗೆ ಯೋಚಿಸು ಎಂದಿತ್ತೇ ಹೊರತು ಹೋಗಬೇಡ ಎಂದು ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಆ ಎರಡನೆಯ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಸಂವಿಧಾನದ ದಪ್ಪ ಪುಸ್ತಕದಲ್ಲಿ 42 ಮತ್ತು 44ರ ನಡುವೆ ಅದು ಗುರುತಿಗೆ ಕುಳಿತಿದೆ. ಈ ಜುಲೈಯಲ್ಲಿ ಪಕ್ಕದ ಕೋಣೆಗೆ ಬಂದ ಹುಡುಗ ಅದನ್ನು ನೋಡಿ, ತಾನೂ ಇಂಥ ಪತ್ರ ಬರೆಯುತ್ತೇನೆ, ಕಾಗದ ಎಲ್ಲಿ ಸಿಗುತ್ತದಣ್ಣಾ ಎಂದು ಕೇಳಿದ. ಅಂಚೆ ಕಚೇರಿಯ ದಾರಿ ಹೇಳಿದೆ. ಎರಡೂವರೆ ರೂಪಾಯಿ ಅಲ್ಲವೇ ಎಂದು ಕಿಸೆಯಲ್ಲಿ ಚಿಲ್ಲರೆ ಹುಡುಕತೊಡಗಿದ.

“ಐದರ ನಾಣ್ಯ ಒಯ್ಯಿ” ಎಂದೆ. “ಎರಡು ಕೊಡುತ್ತಾರೆ.”