ಎಡಕ್ಕೆ ಕೆಂಪು, ಬಲಕ್ಕೆ ಹಳದಿ

ಕಳೆದ ಚಳಿಗಾಲ ಊರಿಂದ ಭಾವ ಬಂದಿದ್ದರು. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ರಾತ್ರಿ ಡ್ಯುಯಲ್ ಕ್ಯಾರೇಜ್‌ವೇ, ಅಂದರೆ ನಡುವೆ ಡಿವೈಡರ್ ಇರುವ ಹೆದ್ದಾರಿ ಮೇಲೆ ಹೋಗುತ್ತಿದ್ದೆವು. ದೀಪದ ಕಂಬ ಒಂದೂ ಇಲ್ಲ, ಮೇಲೆ ಮಂಜು ಬೇರೆ. ಎಡಗಡೆ ಸಾಲಾಗಿ ಬರುತ್ತಿದ್ದ ಕೆಂಪು ಚುಕ್ಕಿಗಳು, ಅಂದರೆ ರಸ್ತೆಯಲ್ಲಿ ಕೂರಿಸಿದ, ಹೆಡ್‌ಲೈಟಿಗೆ ಮಿಂಚುವ ಕ್ಯಾಟ್ಸ್ ಐಗಳು, ಇದ್ದಕ್ಕಿದ್ದಂತೆ ಹಸಿರಾದವು. "ಹಸಿರು ಅಂದ್ರೆ ಹೋಗು ಅಂತಾನಾ?" ಎಂದರು ಭಾವ.

"ಅಲ್ಲ ಭಾವ, ಇಲ್ಲಿ ರಸ್ತೆ ಪಕ್ಕಕ್ಕೆ ತೆರೆದುಕೊಂಡಿದೆ ಅಂತ." ಹಸಿರಿನಾಚೆ ಹೋದರೆ ಹೆದ್ದಾರಿಗೆ ಕೂಡುವ ಅಥವಾ ಬಿಟ್ಟಿಳಿಯುವ ಸ್ಲಿಪ್ ರೋಡ್, ಇಲ್ಲವೇ ಗಾಡಿ ನಿಲ್ಲಿಸುವ ಜಾಗ. ನೇರ ಹೋಗುವವರು ಹಸಿರನ್ನು ಎಡಕ್ಕೇ ಬಿಟ್ಟುಕೊಂಡು ಹೋಗಬೇಕು. ಆ ಬಾಯಿ ಮುಗಿದ ಮೇಲೆ ಮತ್ತೆ ಕೆಂಪು ಶುರು.

ಬ್ರಿಟನ್ನಿನ ಲೆಕ್ಕ ಇಷ್ಟೇ: ಎಡ ಅಂಚಿಗೆ ಕೆಂಪು, ಲೇನ್‌ಗಳ ನಡುವೆ ಬಿಳಿ, ಬಲಗಡೆ ಡಿವೈಡರ್ ಪಕ್ಕ ಹಳದಿ. ಇದರಲ್ಲಿ ನನಗೆ ಜಾಸ್ತಿ ಉಪಕಾರ ಮಾಡಿದ್ದು ಹಳದಿ. ಬಲಕ್ಕೆ ಹಳದಿ ಕಾಣುತ್ತಿರುವ ತನಕ ಎದುರಿನ ವಾಹನಗಳು ಡಿವೈಡರ್ ಆಚೆ ಇವೆ. ಅದು ನಿಂತು ನಡುವೆ ಬಿಳಿ ಮಾತ್ರ ಉಳಿಯಿತೋ, ಎರಡೂ ಕಡೆಯವರಿಗೆ ಒಂದೇ ರಸ್ತೆ. ಆಗ ಓವರ್‌ಟೇಕ್ ಆಸೆ ಬಿಡಬೇಕು.

ಚುಕ್ಕಿಗಳ ಅಂತರವೂ ಮಾತಾಡುತ್ತದೆ. ಸಾಮಾನ್ಯವಾಗಿ 18 ಮೀಟರಿಗೊಂದು, ತಿರುವಿನಲ್ಲಿ ಹತ್ತಿರ ಹತ್ತಿರ. ಗಂಟೆಗೆ 60 ಮೈಲಿ ವೇಗದಲ್ಲಿ ಅಪಾಯ ಕಂಡು ಬ್ರೇಕ್ ಹಾಕುವಷ್ಟರ ದೂರವೂ ಸೇರಿ, ಒಣ ರಸ್ತೆಯಲ್ಲೂ ನಿಲ್ಲಲು 73 ಮೀಟರ್ ಬೇಕು ಎನ್ನುತ್ತದೆ ಇಲ್ಲಿನ ರಸ್ತೆ ನಿಯಮದ ಪುಸ್ತಕ ಹೈವೇ ಕೋಡ್. ಅಂದರೆ ನಾಲ್ಕು ಅಂತರ. ಅವತ್ತು ಮಂಜಿನಲ್ಲಿ ಎಣಿಸಿದೆ, ಎರಡೇ ಚುಕ್ಕಿ ಕಾಣುತ್ತಿತ್ತು. ವೇಗ ಅರ್ಧಕ್ಕಿಳಿಸಿದೆ. ಭಾವ ವಾಚ್ ನೋಡಿಕೊಂಡರು, ಏನೂ ಹೇಳಲಿಲ್ಲ.

1934ರಲ್ಲಿ ಈ ಕ್ಯಾಟ್ಸ್ ಐಯನ್ನು ಪೇಟೆಂಟ್ ಮಾಡಿದ ಪರ್ಸಿ ಶಾ ಇದೇ ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸ್‌ನವನು. ಅವನ ಹಳೇ ಮಾದರಿಯ ಜಾಣತನ ನೋಡಿ: ಗಾಜಿನ ಕಣ್ಣು ರಬ್ಬರಿನೊಳಗೆ ಕೂತಿರುತ್ತದೆ. ಟೈರು ತುಳಿದಾಗ ಕೆಳಗೆ ಇಳಿಯುತ್ತದೆ, ರಬ್ಬರೇ ಗಾಜನ್ನು ಒರೆಸುತ್ತದೆ, ತಳದಲ್ಲಿ ನಿಂತ ಮಳೆನೀರು ತೊಳೆಯುತ್ತದೆ. ಗಾಡಿ ಓಡಾಡಿದಷ್ಟೂ ಚೊಕ್ಕ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ರಸ್ತೆ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಮಾದರಿ. ಅದಕ್ಕೆ ಒರೆಸುವವರು ಯಾರೂ ಇಲ್ಲ. ಧೂಳು ಕೂತರೆ ಕುರುಡು, ಅಂಟು ಬಿಟ್ಟರೆ ಚರಂಡಿಗೆ.

ನಿಯಮ ನಮ್ಮಲ್ಲಿ ಇಲ್ಲವೆಂದಲ್ಲ. ಐಆರ್‌ಸಿ 35 ಎಂಬ ಭಾರತದ ರಸ್ತೆ ಗುರುತುಗಳ ನಿಯಮಾವಳಿಯ ಬಣ್ಣಗಳೂ ಹೆಚ್ಚು ಕಡಿಮೆ ಇವೇ. ನಾವೂ ಎಡಕ್ಕೇ ಓಡಿಸುವವರು ಅಲ್ವಾ. ಆದರೆ ಊರಿಗೆ ಹೋದಾಗ ಒಂದೇ ಅಂಚಿನಲ್ಲಿ ಕೆಂಪು, ಹಳದಿ, ಬಿಳಿ ಬೆರೆತಿದ್ದನ್ನು ನೋಡಿದ್ದೇನೆ. ಹಂಪ್ ಮುಂದೆ ರಸ್ತೆಗೆ ಅಡ್ಡಲಾಗಿ ಸುಮ್ನೆ ಸಾಲು ಅಂಟಿಸಿದ್ದನ್ನೂ. ಮಿಂಚುತ್ತದೆ ನಿಜ, ಹೇಳುವುದೇನೂ ಇಲ್ಲ. ನನ್ನ ಕೇಳಿದರೆ ಚುಕ್ಕಿ ಅರ್ಧ ಕಡಿಮೆ ಹಾಕಲಿ, ಬಣ್ಣ ಮಾತ್ರ ತಪ್ಪದಿರಲಿ.

ಒಮ್ಮೆ ತುಮಕೂರು ಕಡೆಯಿಂದ ರಾತ್ರಿ ಬರುವಾಗ ಎಡದ ಬಿಳಿ ಗೆರೆಯನ್ನೇ ನಂಬಿ ಹೋದೆ. ಗೆರೆ ನನ್ನನ್ನು ಮೆಲ್ಲಗೆ ಸರ್ವೀಸ್ ರೋಡಿಗೆ ಇಳಿಸಿತು. ಎದುರಿಗೆ ಲೈಟಿಲ್ಲದ ಟ್ರ್ಯಾಕ್ಟರ್ ನಿಂತಿತ್ತು. ಆ ಬಾಯಲ್ಲಿ ನಾಲ್ಕು ಹಸಿರು ಚುಕ್ಕಿ ಇದ್ದಿದ್ದರೆ ನಾನು ಇಳಿಯುತ್ತಿರಲಿಲ್ಲ.